ಫ್ರಾಂಚೈಸಿ: ಸಹಿಗೆ ಮುನ್ನ ಒಂದು ಲೆಕ್ಕ

ಪದವಿ ಮುಗಿಸಿದ ಮಗನಿಗೆ ಊರಲ್ಲೇ ಒಂದು ಉದ್ಯೋಗ ಹಚ್ಚಿಕೊಡಬೇಕು ಎಂದು ಯೋಚಿಸುವ ತಂದೆ-ತಾಯಿಗಳ ಕೈಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಬಣ್ಣದ ಕರಪತ್ರ ಬರುತ್ತಿದೆ. ‘ನಮ್ಮ ಹೆಸರು, ನಿಮ್ಮ ಅಂಗಡಿ’ ಎಂಬುದು ಅದರ ಸಾರಾಂಶ. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಒಂದು ಕಂಪನಿ ತನ್ನ ಹೆಸರು, ಫಲಕ, ತಯಾರಿಸುವ ವಿಧಾನ ಮತ್ತು ಕೆಲವು ಸಾಮಾನುಗಳನ್ನು ಕೊಡುತ್ತದೆ. ಬಂಡವಾಳ, ಜಾಗ ಮತ್ತು ದುಡಿಮೆ ನಿಮ್ಮವು. ಪ್ರತಿಯಾಗಿ ನೀವು ಮೊದಲಿಗೆ ಒಂದು ಶುಲ್ಕವನ್ನೂ ಆಮೇಲೆ ಮಾರಾಟದ ಮೇಲೆ ರಾಯಲ್ಟಿ ಎಂಬ ಪಾಲನ್ನೂ ಕೊಡುತ್ತೀರಿ.

ಇದು ಹೊಸದೇನಲ್ಲ. 1990ರ ದಶಕದಲ್ಲಿ ಎನ್‌ಐಐಟಿ, ಆಪ್ಟೆಕ್‌ನಂಥ ಕಂಪ್ಯೂಟರ್ ತರಬೇತಿ ಸಂಸ್ಥೆಗಳು ಇದೇ ರೀತಿಯಲ್ಲಿ ಊರೂರಿಗೆ ಹರಡಿದವು. ಈಗ ಚಹಾ, ಐಸ್‌ಕ್ರೀಮು, ಶಿಶುವಿಹಾರ, ಅಬ್ಯಾಕಸ್ ಎಲ್ಲವೂ ಈ ದಾರಿ ಹಿಡಿದಿವೆ. ಒಳ್ಳೆಯ ಕಂಪನಿಗಳೂ ಇವೆ, ಬರೀ ಫಲಕ ಮಾರುವ ಕಂಪನಿಗಳೂ ಇವೆ. ಕರಪತ್ರದ ಬಣ್ಣ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಹತ್ತನೆಯ ತರಗತಿಯ ಗಣಿತದಿಂದ ಬೇರ್ಪಡಿಸಬಹುದು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಇಂಥ ಒಂದು ಚಹಾ ಅಂಗಡಿಯ ಕರಪತ್ರ ತಂದು ತೋರಿಸಿದರು. “ಸರ್, ಹುಡುಗ ಬಿ.ಕಾಂ. ಮುಗಿಸ್ಯಾನ್ರಿ. ಬೆಂಗಳೂರಿಗೆ ಹೋಗೂದಕಿಂತ ಇಲ್ಲೇ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟರ ಛಲೋ ಅಲ್ಲೇನ್ರಿ? ಹತ್ತು ತಿಂಗಳದಾಗ ರೊಕ್ಕ ವಾಪಸ್ ಬರ್ತದ ಅಂತ ಬರದಾರ” ಎಂದರು. ಕಂಪನಿಯ ಹೆಸರು ಇಲ್ಲಿ ಬೇಡ. ಅಂಕಿಗಳನ್ನು ತುಸು ದುಂಡಗೆ ಮಾಡಿ ಇಲ್ಲಿ ಕೊಡುತ್ತೇನೆ.

ಕರಪತ್ರದ ಲೆಕ್ಕ

ಶುಲ್ಕ 3 ಲಕ್ಷ ರೂಪಾಯಿ, ಯಂತ್ರ ಮತ್ತು ಅಂಗಡಿಯ ಅಲಂಕಾರಕ್ಕೆ 4 ಲಕ್ಷ, ಒಟ್ಟು 7 ಲಕ್ಷ. ದಿನಕ್ಕೆ 600 ಕಪ್ಪು ಚಹಾ, ಕಪ್ಪಿಗೆ 10 ರೂಪಾಯಿ. ತಿಂಗಳ ಮಾರಾಟ 1,80,000 ರೂಪಾಯಿ. ಹಾಲು, ಚಹಾಪುಡಿ, ಸಕ್ಕರೆಗೆ ಶೇಕಡಾ 40ರಂತೆ 72,000 ಕಳೆದರೆ ಉಳಿಯುವುದು 1,08,000. ಬಾಡಿಗೆ, ಇಬ್ಬರು ಕೆಲಸಗಾರರು, ಕರೆಂಟು ಮತ್ತು ಇತರೆಗೆ 38,000 ತೆಗೆದರೆ ನಿವ್ವಳ 70,000. ಏಳು ಲಕ್ಷವನ್ನು ಎಪ್ಪತ್ತು ಸಾವಿರದಿಂದ ಭಾಗಿಸಿದರೆ ಹತ್ತು ತಿಂಗಳು.

ಕೂಡುವ, ಕಳೆಯುವ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಕೇಳುವುದು ‘ಉತ್ತರ ಎಷ್ಟು ಬಂತು?’ ಎಂದಲ್ಲ, ‘ರೀಡಿಂಗ್ ಎಲ್ಲಿಂದ ತಂದೆ?’ ಎಂದು. ಇಲ್ಲಿಯೂ ಅದನ್ನೇ ಕೇಳಬೇಕು. ಯಾವ ಖರ್ಚು ಬಿಟ್ಟುಹೋಗಿದೆ? 600 ಎಂಬ ಅಂಕಿ ಎಲ್ಲಿಂದ ಬಂತು?

ಒಂದು ಕಪ್ಪಿನಲ್ಲಿ ಉಳಿಯುವುದೆಷ್ಟು?

ಮೊದಲು ಒಂದೇ ಕಪ್ಪನ್ನು ತೆಗೆದುಕೊಳ್ಳಿ. ಹಾಲು 2 ರೂ. 40 ಪೈಸೆ, ಕಂಪನಿಯ ಚಹಾಪುಡಿ 1 ರೂ. 20 ಪೈಸೆ, ಸಕ್ಕರೆ 40 ಪೈಸೆ. ಇಲ್ಲಿಗೆ ಕರಪತ್ರದ 4 ರೂಪಾಯಿ ಆಯಿತು. ಆದರೆ ಚಹಾ ಕಾಯಿಸಲು ಗ್ಯಾಸು ಬೇಕು, 30 ಪೈಸೆ. ಕಾಗದದ ಕಪ್ಪು ಬೇಕು, 50 ಪೈಸೆ. ಒಡೆದ ಹಾಲು, ಚೆಲ್ಲಿದ ಚಹಾ ಎಂದು 20 ಪೈಸೆ ಹಿಡಿಯಿರಿ. ಈಗ 5 ರೂಪಾಯಿ ಆಯಿತು. ಕರಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ರಾಯಲ್ಟಿ ಶೇ. 5, ತೆರಿಗೆ ಪ್ರತ್ಯೇಕ’ ಎಂದಿದೆ. ಹತ್ತು ರೂಪಾಯಿಗೆ 50 ಪೈಸೆ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 9 ಪೈಸೆ. ಒಟ್ಟು 60 ಪೈಸೆ ಎನ್ನೋಣ. ಅಂದರೆ ಒಂದು ಕಪ್ಪು ಮಾರಿದರೆ ಕೈಯಲ್ಲಿ ಉಳಿಯುವುದು 4 ರೂ. 40 ಪೈಸೆ, ಕರಪತ್ರ ಹೇಳುವ 6 ರೂಪಾಯಿಯಲ್ಲ.

ರಾಯಲ್ಟಿಯನ್ನು ಲಾಭದ ಮೇಲೆ ಲೆಕ್ಕ ಹಾಕುವುದಿಲ್ಲ, ಮಾರಾಟದ ಮೇಲೆ ಹಾಕುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಂಗಡಿಗೆ ನಷ್ಟವಾದ ತಿಂಗಳಲ್ಲಿಯೂ ಕಂಪನಿಗೆ ಅದರ ಪಾಲು ಹೋಗುತ್ತದೆ.

ಬಾಗಿಲು ತೆರೆದಿಡಲು ಎಷ್ಟು ಕಪ್ಪು?

ಚಹಾ ಮಾರಿದರೂ ಮಾರದಿದ್ದರೂ ತಿಂಗಳಿಗೆ ಕೊಡಲೇಬೇಕಾದ ಖರ್ಚಿಗೆ ಸ್ಥಿರ ಖರ್ಚು ಎಂದು ಹೆಸರು. ಬಾಡಿಗೆ 8,000, ಇಬ್ಬರು ಕೆಲಸಗಾರರಿಗೆ 24,000, ಕರೆಂಟು 3,000, ಇತರೆ 3,000. ಇದರ ಮೇಲೆ ಕಂಪನಿಯ ಬಿಲ್ಲಿಂಗ್ ಯಂತ್ರ ಮತ್ತು ಜಾಹೀರಾತಿನ ಹೆಸರಿನಲ್ಲಿ 2,000. ಒಟ್ಟು 40,000. ಇದನ್ನು 4.40ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 9,090 ಕಪ್ಪು, ದಿನಕ್ಕೆ 303 ಕಪ್ಪು. ಇಷ್ಟು ಮಾರಿದರೆ ಕೈಯಿಂದ ಹಾಕುವುದು ತಪ್ಪುತ್ತದೆ. ಅಷ್ಟೇ. ಮನೆಗೆ ಒಂದು ಪೈಸೆಯೂ ಬರುವುದಿಲ್ಲ.

ಇನ್ನು ಮೂರು ಖರ್ಚುಗಳು ಕರಪತ್ರದಲ್ಲಿ ಇಲ್ಲವೇ ಇಲ್ಲ. ಮೊದಲನೆಯದು ಮಗನ ದುಡಿಮೆ. ಅವನು ಬೇರೆಡೆ ದುಡಿದರೆ ತಿಂಗಳಿಗೆ 15,000 ಗಳಿಸುತ್ತಾನೆ ಎಂದಾದರೆ ಆ ಮೊತ್ತ ಅಂಗಡಿಯ ಖರ್ಚೇ. ಎರಡನೆಯದು ಬಡ್ಡಿ. 5 ಲಕ್ಷ ಸಾಲಕ್ಕೆ ವರ್ಷಕ್ಕೆ ಶೇ. 12ರಂತೆ ಆರಂಭದ ತಿಂಗಳುಗಳಲ್ಲಿ 5,000. ಮೂರನೆಯದು ಕರಗುವ ಬಂಡವಾಳ. ಶುಲ್ಕ 3 ಲಕ್ಷ, ಅದರ ಮೇಲಿನ ಶೇ. 18 ಜಿಎಸ್‌ಟಿ 54,000, ಯಂತ್ರ ಮತ್ತು ಅಲಂಕಾರಕ್ಕೆ 4 ಲಕ್ಷ, ಒಟ್ಟು 7,54,000. ಸಣ್ಣ ಚಹಾ ಅಂಗಡಿಗೆ ಕಟ್ಟಿದ ಜಿಎಸ್‌ಟಿ ಮರಳಿ ಸಿಗುವ ದಾರಿ ಇಲ್ಲ, ಆದ್ದರಿಂದ ಅದೂ ಖರ್ಚೇ. ಕರಾರು ಐದು ವರ್ಷಕ್ಕೆ ಮುಗಿಯುತ್ತದೆ. ಆಗ ಹೆಸರು ಹೋಗುತ್ತದೆ, ಗೋಡೆಯ ಬಣ್ಣಕ್ಕೆ ಬೆಲೆ ಬರುವುದಿಲ್ಲ, ಹಳೆಯ ಯಂತ್ರಕ್ಕೆ ಅಲ್ಪಸ್ವಲ್ಪ ಬಂದೀತು. ಆದ್ದರಿಂದ 7,54,000ವನ್ನು 60 ತಿಂಗಳಿಗೆ ಹಂಚಬೇಕು. ತಿಂಗಳಿಗೆ ಸುಮಾರು 12,570.

ಈಗ ಎಲ್ಲವನ್ನೂ ಕೂಡಿಸಿ: 40,000, 15,000, 5,000 ಮತ್ತು 12,570. ಒಟ್ಟು 72,570. 4.40ರಿಂದ ಭಾಗಿಸಿ, 30 ದಿನಕ್ಕೆ ಹಂಚಿದರೆ ದಿನಕ್ಕೆ 550 ಕಪ್ಪು. ಇದು ನಿಜವಾದ ಸಮತೋಲನ ಬಿಂದು. 550ಕ್ಕಿಂತ ಕಡಿಮೆಯಾದರೆ ಅಪ್ಪನ ಉಳಿತಾಯವೋ ಮಗನ ದುಡಿಮೆಯೋ ಸದ್ದಿಲ್ಲದೆ ಕರಗುತ್ತಿರುತ್ತದೆ.

ಕರಪತ್ರ ಹೇಳಿದಂತೆ ದಿನವೂ 600 ಕಪ್ಪು ಹೋದರೆ ತಿಂಗಳಿಗೆ ಮಿಗುವುದು 6,600 ರೂಪಾಯಿ. 400 ಕಪ್ಪು ಹೋದರೆ ಕೈಗೆ ಬರುವುದು 12,800, ಬಡ್ಡಿ ಕಟ್ಟಿದ ಮೇಲೆ 7,800. ನಸುಕಿನಿಂದ ರಾತ್ರಿಯವರೆಗೆ ನಿಂತ ಹುಡುಗನ ಪಗಾರ ಅದು, ಬಂಡವಾಳದ ಒಂದು ರೂಪಾಯಿಯೂ ಮರಳಿರುವುದಿಲ್ಲ. ಇದರ ಜೊತೆಗೆ ಅಂಗಡಿಯ ಠೇವಣಿ 1 ಲಕ್ಷ ಮತ್ತು ಮೊದಲ ಎರಡು ತಿಂಗಳ ಖರ್ಚಿಗೆ 80,000 ಕೈಯಲ್ಲಿರಬೇಕು. ಆಗ ಹೂಡಬೇಕಾದದ್ದು 7 ಲಕ್ಷವಲ್ಲ, 9,34,000.

600 ಎಂಬ ಅಂಕಿಯನ್ನು ಪರೀಕ್ಷಿಸುವ ಬಗೆ

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದನ್ನು ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದು. ಅಂಗಡಿ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ತೆರೆದಿದ್ದರೆ 14 ಗಂಟೆ. 600 ಕಪ್ಪು ಎಂದರೆ ಪ್ರತಿ 84 ಸೆಕೆಂಡಿಗೆ ಒಂದು ಕಪ್ಪು, ಅದೂ ಮಟಮಟ ಮಧ್ಯಾಹ್ನವೂ ಸೇರಿ. ನೀವು ಆರಿಸಿದ ಜಾಗದ ಹತ್ತಿರ ಈಗಾಗಲೇ ಚೆನ್ನಾಗಿ ನಡೆಯುವ ಚಹಾದ ಅಂಗಡಿಯ ಎದುರು ನಿಂತು ಬೆಳಿಗ್ಗೆ, ಮಧ್ಯಾಹ್ನಕ್ಕೆ ಮುಂಚೆ, ಬಿಸಿಲಿಳಿಯುವ ಮುನ್ನ ಮತ್ತು ಸಂಜೆ ಹದಿನೈದು ಹದಿನೈದು ನಿಮಿಷ ಕಪ್ಪುಗಳನ್ನು ಎಣಿಸಿ. 16, 7, 4, 9 ಎಂದು ಬಂತೆನ್ನಿ. ಸರಾಸರಿ 9, ಗಂಟೆಗೆ 36, ದಿನಕ್ಕೆ 504. ಇದು ಊರಿಗೆ ಮೊದಲಿನಿಂದ ಪರಿಚಯವಿರುವ ಅಂಗಡಿಯ ಲೆಕ್ಕ. ಹೊಸ ಅಂಗಡಿಗೆ ಇದರಲ್ಲಿ ಎಷ್ಟು ಪಾಲು ಬಂದೀತು ಎಂದು ಕೇಳಿಕೊಳ್ಳಿ. ಸಂತೆಯ ದಿನ ಒಮ್ಮೆ, ಸಾಮಾನ್ಯ ದಿನಗಳಲ್ಲಿ ಎರಡು ಮೂರು ಸಲ, ಮಳೆಯ ದಿನ ಒಮ್ಮೆ ಎಣಿಸಿದರೆ ಅಂಕಿ ಗಟ್ಟಿಯಾಗುತ್ತದೆ. ರಾವುತರಾಯನ ಜಾತ್ರೆಯಲ್ಲಿ ಎಣಿಸಿದ್ದನ್ನು ವರ್ಷಕ್ಕೆಲ್ಲ ಹಚ್ಚಬಾರದು.

ಎರಡನೆಯ ದಾರಿ ಇನ್ನೂ ಖಚಿತವಾದದ್ದು. ಈ ಬಗೆಯ ಕರಾರುಗಳಲ್ಲಿ ಚಹಾಪುಡಿಯನ್ನು ಕಂಪನಿಯಿಂದಲೇ ಕೊಳ್ಳಬೇಕು ಎಂದು ಇರುತ್ತದೆ. ಒಂದು ಕಪ್ಪಿಗೆ 3 ಗ್ರಾಂ ಪುಡಿ ಎಂದು ಕಂಪನಿಯೇ ಹೇಳುತ್ತದೆ. ಹಾಗಾದರೆ ತಿಂಗಳಿಗೆ 18,000 ಕಪ್ಪಿಗೆ 54 ಕಿಲೋ ಪುಡಿ ಬೇಕು. ಬೇರೆ ಊರಿನಲ್ಲಿ ಇದೇ ಫಲಕದ ಅಂಗಡಿ ನಡೆಸುವವರ ಬಳಿ ಹೋಗಿ ‘ವ್ಯಾಪಾರ ಹೇಗಿದೆ?’ ಎಂದು ಕೇಳಿದರೆ ‘ಛಲೋ ಐತಿ’ ಎಂಬ ಉತ್ತರ ಬರುತ್ತದೆ. ‘ತಿಂಗಳಿಗೆ ಎಷ್ಟು ಕಿಲೋ ಪುಡಿ ತರಿಸುತ್ತೀರಿ?’ ಎಂದು ಕೇಳಿ, ಸಾಧ್ಯವಾದರೆ ಮೂರು ತಿಂಗಳ ಬಿಲ್ಲು ನೋಡಿ. 25 ಕಿಲೋ ಎಂದರೆ ಸುಮಾರು 8,330 ಕಪ್ಪು, ದಿನಕ್ಕೆ 278. ಬಾಗಿಲು ತೆರೆದಿಡಲು ಬೇಕಾದ 303ನ್ನೂ ಆ ಅಂಗಡಿ ಮುಟ್ಟಿಲ್ಲ ಎಂದಾಯಿತು. ರಸಾಯನಶಾಸ್ತ್ರದಲ್ಲಿ ಖರ್ಚಾದ ವಸ್ತುವಿನಿಂದ ಉತ್ಪನ್ನದ ಪ್ರಮಾಣ ಕಂಡುಹಿಡಿಯುವ ಲೆಕ್ಕವೇ ಇದು.

ಅಂಗಡಿ ಮುಚ್ಚಿದವರನ್ನೂ ಹುಡುಕಿ ಮಾತನಾಡಿಸಬೇಕು. ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ಒಂದು ನಿಯಮದ ಪ್ರಕಾರ ಫ್ರಾಂಚೈಸಿ ಮಾರುವವನು ಕೊಳ್ಳುವವನಿಗೆ ಒಂದು ವಿವರಪತ್ರ ಕೊಡಲೇಬೇಕು. ಸಹಿ ಹಾಕುವುದಕ್ಕೆ ಅಥವಾ ಹಣ ಕಟ್ಟುವುದಕ್ಕೆ ಕನಿಷ್ಠ 14 ದಿನ ಮೊದಲು ಅದು ಕೈಸೇರಬೇಕು. ಎಷ್ಟು ಅಂಗಡಿಗಳು ತೆರೆದವು, ಎಷ್ಟು ಮುಚ್ಚಿದವು, ಹಿಂದಿನ ವರ್ಷ ಬಿಟ್ಟುಹೋದವರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಮಾಡಿದ ಪ್ರತ್ಯೇಕ ಕಾನೂನು ಇಲ್ಲ. 1872ರ ಭಾರತೀಯ ಕರಾರು ಕಾಯಿದೆಯೇ ಮುಖ್ಯ ಆಧಾರ. ಹಾಗಾಗಿ ಕಂಪನಿ ತಾನಾಗಿ ಹೇಳುವುದಿಲ್ಲ, ನೀವೇ ಪತ್ರ ಬರೆದು ಕೇಳಬೇಕು. ಕೊಡಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಕರಾರಿನ ಕಲಮು ಲೆಕ್ಕವನ್ನು ಬದಲಿಸುವ ಬಗೆ

ಕರಾರುಪತ್ರ ವಕೀಲರ ವಿಷಯ, ಲೆಕ್ಕ ನಮ್ಮ ವಿಷಯ ಎಂದು ಅನೇಕರು ಭಾವಿಸುತ್ತಾರೆ. ಆದರೆ ಕರಾರಿನ ಒಂದೊಂದು ಕಲಮೂ ಮೇಲಿನ ಲೆಕ್ಕದ ಒಂದೊಂದು ಅಂಕಿಯನ್ನು ಹಿಡಿದುಕೊಂಡಿರುತ್ತದೆ. ಓದುವಾಗ ‘ಈ ಕಲಮಿನಿಂದ ನನ್ನ 550 ಎಷ್ಟಾಗುತ್ತದೆ?’ ಎಂದು ಕೇಳಿಕೊಂಡರೆ ಸಾಕು.

ಸಾಮಾನಿನ ಕಲಮನ್ನು ನೋಡಿ. ‘ಪುಡಿಯ ದರವನ್ನು ಕಂಪನಿ ಕಾಲಕಾಲಕ್ಕೆ ನಿರ್ಧರಿಸುತ್ತದೆ’ ಎಂಬ ಒಂದು ವಾಕ್ಯವಿದೆ. ಇಂದು ಕಿಲೋಗೆ 400 ಇರುವ ಪುಡಿ ನಾಳೆ 600 ಆದರೆ ಕಪ್ಪಿಗೆ 60 ಪೈಸೆ ಹೋಯಿತು. ಉಳಿಯುವುದು 3 ರೂ. 80 ಪೈಸೆ. ಸಮತೋಲನ ಬಿಂದು 550ರಿಂದ 637ಕ್ಕೆ ಜಿಗಿಯುತ್ತದೆ. ಅಂದರೆ ಕರಪತ್ರದ 600 ಕಪ್ಪು ಮಾರಿದರೂ ನಷ್ಟ. ವರ್ಷಕ್ಕೆ ಇಷ್ಟು ಶೇಕಡಾಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದು ಬರೆಸಿಕೊಳ್ಳಬೇಕು.

ಅವಧಿಯ ಕಲಮೂ ಹೀಗೆಯೇ. ಮಾತಿನಲ್ಲಿ ಐದು ವರ್ಷ ಎಂದವರು ಕರಾರಿನಲ್ಲಿ ‘ಮೂರು ವರ್ಷ, ಆಮೇಲೆ ಹೊಸ ಶುಲ್ಕ ಕಟ್ಟಿ ನವೀಕರಣ’ ಎಂದು ಬರೆದಿರುತ್ತಾರೆ. 7,54,000ವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 20,940. ಸಮತೋಲನ ಬಿಂದು 613. ಅಂಗಡಿಯ ಬಾಡಿಗೆ ಕರಾರು ಫ್ರಾಂಚೈಸಿಯ ಅವಧಿಗಿಂತ ಮೊದಲೇ ಮುಗಿಯುವುದಿದ್ದರೂ ಪರಿಣಾಮ ಇದೇ. ಮಾಲೀಕರು ಬಿಡಿಸಿದರೆ ಅಲಂಕಾರಕ್ಕೆ ಹಾಕಿದ್ದೆಲ್ಲ ಗೋಡೆಯಲ್ಲೇ ಉಳಿಯುತ್ತದೆ.

ಪ್ರದೇಶದ ಕಲಮಿನಲ್ಲಿ ‘ಒಂದು ಕಿಲೋಮೀಟರ್ ಒಳಗೆ ಇನ್ನೊಬ್ಬರಿಗೆ ಕೊಡುವುದಿಲ್ಲ’ ಎಂದಿತ್ತು. ದೊಡ್ಡ ನಗರಕ್ಕೆ ಅದು ಸರಿ. ದೇವರ ಹಿಪ್ಪರಗಿಯಂಥ ಊರಿನಲ್ಲಿ ಬಸ್ ನಿಲ್ದಾಣದಿಂದ ಒಂದು ಕಿಲೋಮೀಟರ್ ಆಚೆ ಸಿಂದಗಿ ರಸ್ತೆಯಲ್ಲೋ ವಿಜಯಪುರ ರಸ್ತೆಯಲ್ಲೋ ಅದೇ ಫಲಕ ಬಂದರೆ ಇರುವ ಗಿರಾಕಿ ಇಬ್ಭಾಗ. ಇಲ್ಲಿ ಅಳತೆ ಕಿಲೋಮೀಟರಿನಲ್ಲಿ ಇರಬಾರದು, ‘ಪಟ್ಟಣ ಪಂಚಾಯಿತಿಯ ಇಡೀ ವ್ಯಾಪ್ತಿ’ ಎಂದಿರಬೇಕು.

ಇನ್ನು ಹೊರಬರುವ ಕಲಮು. ವ್ಯಾಪಾರ ಸಾಗದಿದ್ದರೆ ಫಲಕ ಇಳಿಸಿ ಸ್ವಂತ ಹೆಸರಿನಲ್ಲಿ ಚಹಾ ಮಾರಬಹುದಲ್ಲ ಎಂದು ಹುಡುಗನ ತಂದೆ ಕೇಳಿದರು. ಇದಕ್ಕೆ ಸುಪ್ರೀಂ ಕೋರ್ಟಿನ ಒಂದು ಪ್ರಸಿದ್ಧ ತೀರ್ಪು ಉತ್ತರ ಕೊಡುತ್ತದೆ. ಗುಜರಾತ್ ಬಾಟ್ಲಿಂಗ್ ಎಂಬ ಕಂಪನಿ 1993ರ ಕರಾರಿನಂತೆ ಕೋಕಾ ಕೋಲಾದ ಪಾನೀಯಗಳನ್ನು ಬಾಟಲಿಗೆ ತುಂಬುತ್ತಿತ್ತು. ಕರಾರು ಇರುವವರೆಗೆ ಬೇರೆಯವರ ಪಾನೀಯ ತುಂಬುವಂತಿಲ್ಲ ಎಂಬ ಕಲಮು ಅದರಲ್ಲಿತ್ತು. 1995ರಲ್ಲಿ ಆ ಕಂಪನಿಯ ಷೇರುಗಳು ಪೆಪ್ಸಿ ಕಡೆಯವರ ಕೈಸೇರಿದವು, ಜಗಳ ನ್ಯಾಯಾಲಯಕ್ಕೆ ಹೋಯಿತು. ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅಸಿಂಧು ಎನ್ನುತ್ತದೆ ಕರಾರು ಕಾಯಿದೆಯ 27ನೆಯ ಕಲಮು. ಆದರೆ ಕರಾರು ಚಾಲ್ತಿಯಲ್ಲಿರುವಷ್ಟು ಕಾಲ ಮಾತ್ರ ಅನ್ವಯಿಸುವ ಇಂಥ ನಿರ್ಬಂಧಕ್ಕೆ ಅದು ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1995ರ ಆಗಸ್ಟಿನಲ್ಲಿ ಹೇಳಿತು. ನಮ್ಮ ಹುಡುಗನಿಗೆ ಇದರ ಅರ್ಥ ಇಷ್ಟು: ಕರಾರು ಮುಗಿದ ಮೇಲೆ ಸ್ವಂತ ಅಂಗಡಿ ಇಡುವುದನ್ನು ತಡೆಯುವ ಕಲಮು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದರೆ ಕರಾರು ನಡೆಯುತ್ತಿರುವಾಗ ತಡೆಯುವ ಕಲಮು ನಿಲ್ಲುತ್ತದೆ. ಹಾಗಾದ್ದರಿಂದ ನಡುವೆ ಬಿಟ್ಟು ಹೊರಬರಲು ಎಷ್ಟು ತಿಂಗಳ ನೋಟಿಸು, ದಂಡವೆಷ್ಟು, ಶುಲ್ಕದಲ್ಲಿ ಏನಾದರೂ ಮರಳುತ್ತದೆಯೇ ಎಂಬುದನ್ನು ಮೊದಲೇ ತಿಳಿಯಬೇಕು. ವ್ಯಾಜ್ಯ ನಡೆಯುವ ಊರು ಯಾವುದೆಂದೂ ನೋಡಿ. ‘ಮುಂಬೈ ನ್ಯಾಯಾಲಯಕ್ಕೆ ಮಾತ್ರ’ ಎಂದಿದ್ದರೆ ಇಲ್ಲಿಂದ ಹೋಗಿಬರುವ ಖರ್ಚಿನಲ್ಲೇ ಠೇವಣಿ ಮುಗಿದೀತು.

ಎಲ್ಲಕ್ಕಿಂತ ಸಣ್ಣ ಕಲಮು

ಕರಾರಿನ ಕೊನೆಯ ಪುಟದಲ್ಲಿ ಎರಡು ಸಾಲಿನ ಒಂದು ಕಲಮು ಇರುತ್ತದೆ. ‘ಉಭಯತರ ನಡುವಿನ ಪೂರ್ಣ ಒಪ್ಪಂದ ಇದೇ. ಇದಕ್ಕೆ ಹೊರತಾದ ಯಾವುದೇ ಮಾತು, ಪ್ರಚಾರಪತ್ರ, ಅಂದಾಜು ಕಂಪನಿಯನ್ನು ಬಾಧಿಸುವುದಿಲ್ಲ’ ಎಂಬುದು ಅದರ ತಾತ್ಪರ್ಯ. 600 ಕಪ್ಪು, ಹತ್ತು ತಿಂಗಳು, ಐದು ವರ್ಷ ಎಂಬ ಮಾತುಗಳೆಲ್ಲ ಈ ಎರಡು ಸಾಲಿನಲ್ಲಿ ಅಳಿಸಿಹೋಗುತ್ತವೆ.

ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರೆ ಕಾನೂನು ಸುಮ್ಮನಿರುತ್ತದೆಯೇ ಎಂದು ಕೇಳಬಹುದು. ತಪ್ಪು ಹೇಳಿಕೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ರದ್ದುಪಡಿಸಲು ಕರಾರು ಕಾಯಿದೆಯ 19ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಅದೇ ಕಲಮಿಗೆ ಒಂದು ಅಪವಾದವಿದೆ. ತಪ್ಪು ಹೇಳಿಕೆಯ ಸಂದರ್ಭದಲ್ಲಿ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಸತ್ಯ ತಿಳಿಯುವ ಸಾಧನ ನಿಮ್ಮ ಕೈಯಲ್ಲಿದ್ದಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ನಾಲ್ಕು ಸಲ ಕಪ್ಪು ಎಣಿಸಬಹುದಿತ್ತು, ಪುಡಿಯ ಬಿಲ್ಲು ಕೇಳಬಹುದಿತ್ತು, ನೀವು ಕೇಳಲಿಲ್ಲ ಎಂದು ಎದುರು ವಕೀಲರು ಹೇಳಿದರೆ ಉತ್ತರ ಕಷ್ಟ. ಆದ್ದರಿಂದ ಕಂಪನಿ ಹೇಳುವ ಮಾರಾಟದ ಅಂಕಿಗಳನ್ನು, ಯಾವ ಊರಿನ ಯಾವ ಅಂಗಡಿಯದು ಎಂಬುದರ ಸಮೇತ, ಕರಾರಿಗೆ ಅನುಬಂಧವಾಗಿ ಸೇರಿಸಲು ಕೇಳಿ. ಅಂಕಿ ನಿಜವಾದರೆ ಸೇರಿಸಲು ಅಡ್ಡಿ ಏನು?

ಕೊಳ್ಳುತ್ತಿರುವ ಹೆಸರು ಆ ಕಂಪನಿಯದೇ ಎಂದೂ ಖಾತ್ರಿ ಮಾಡಿಕೊಳ್ಳಬೇಕು. ಟ್ರೇಡ್‌ಮಾರ್ಕ್ ನೋಂದಣಿಯನ್ನು ipindia.gov.in ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಚಹಾ ಅಂಗಡಿ, ಹೋಟೆಲುಗಳು 43ನೆಯ ವರ್ಗದಲ್ಲಿ ಬರುತ್ತವೆ. ‘ಅರ್ಜಿ ಹಾಕಲಾಗಿದೆ’ ಎಂಬುದಕ್ಕೂ ‘ನೋಂದಣಿಯಾಗಿದೆ’ ಎಂಬುದಕ್ಕೂ ಬಹಳ ಅಂತರವಿದೆ. ಹೆಸರು ಇನ್ನೊಬ್ಬರದಾಗಿದ್ದರೆ ಮೂರು ಲಕ್ಷ ಕೊಟ್ಟು ಇನ್ನೊಬ್ಬರ ದಾವೆಯನ್ನು ಮನೆಗೆ ತಂದಂತೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಹೆಸರಿನ ನೋಂದಣಿ, ಆಮೇಲೆ ಕಪ್ಪಿನ ಎಣಿಕೆ ಮತ್ತು ಪುಡಿಯ ಬಿಲ್ಲು, ಆಮೇಲೆ ಕರಾರಿನ ಕರಡು ತರಿಸಿ ವಕೀಲರೊಬ್ಬರಿಂದ ಓದಿಸುವುದು, ಎಲ್ಲಕ್ಕೂ ಕೊನೆಗೆ ಹಣ. ಕಂಪನಿಯ ಪ್ರತಿನಿಧಿ ಈ ಕ್ರಮವನ್ನು ತಲೆಕೆಳಗು ಮಾಡಲು ನೋಡುತ್ತಾನೆ. “ಸಿಂದಗಿಯವರೊಬ್ಬರು ತಯಾರಿದ್ದಾರೆ, ಇವತ್ತು 25 ಸಾವಿರ ಮುಂಗಡ ಕಟ್ಟಿದರೆ ನಿಮ್ಮ ಊರು ನಿಮಗೇ” ಎನ್ನುತ್ತಾನೆ. ಮುಂಗಡದ ರಸೀದಿಯ ಹಿಂದೆ ‘ಮರಳಿಸುವುದಿಲ್ಲ’ ಎಂದು ಅಚ್ಚಾಗಿರುತ್ತದೆ. ಮುಂಗಡ ಕಟ್ಟಿದವರು ಆ 25 ಸಾವಿರ ಉಳಿಸಿಕೊಳ್ಳಲು ಉಳಿದ ಏಳು ಲಕ್ಷ ಕಟ್ಟಿಬಿಡುತ್ತಾರೆ.

ಆ ಹುಡುಗ ನಾಲ್ಕು ದಿನ ಬಸ್ ನಿಲ್ದಾಣದಲ್ಲಿ ನಿಂತು ಎಣಿಸಿ ಬಂದ. ಅಂಗಡಿ ಇಡುವ ವಿಚಾರ ಅವನು ಬಿಟ್ಟಿಲ್ಲ. ಶುಲ್ಕ, ರಾಯಲ್ಟಿ, ಬಿಲ್ಲಿಂಗ್ ಯಂತ್ರದ ಬಾಬತ್ತು ಮೂರನ್ನೂ ತೆಗೆದು, ಸ್ವಂತ ಹೆಸರಿನಲ್ಲಿ, ಎರಡು ಲಕ್ಷದೊಳಗಿನ ಸಾಮಾನಿನಲ್ಲಿ ಇದೇ ಲೆಕ್ಕವನ್ನು ಮತ್ತೆ ಬಿಡಿಸುತ್ತಿದ್ದಾನೆ. ಆ ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ಕಂಪನಿಯ ಹೆಸರಿಗೆ ಅವನು ಕೊಡಬೇಕಾಗುವ ಬೆಲೆ. ಆ ಹೆಸರು ನಮ್ಮ ಊರಿನಲ್ಲಿ ಅಷ್ಟು ಕಪ್ಪುಗಳನ್ನು ಹೆಚ್ಚಾಗಿ ಮಾರಿಸಿಕೊಡುತ್ತದೆಯೇ ಎಂಬುದೊಂದೇ ಪ್ರಶ್ನೆ ಈಗ ಅವನ ಮುಂದಿದೆ.